ಬಿಳಿ ಉಂಗುರದ ಲೆಕ್ಕ

ಒಂದೇ ಅಗಲ, ಒಂದೇ ದಪ್ಪ, ಒಂದೇ ಬೆರಳಿನ ಅಳತೆಗೆ ಎರಡು ಬಿಳಿ ಉಂಗುರ ಮಾಡಿಸಿದ್ದಾರೆ ಎಂದುಕೊಳ್ಳಿ. ಒಂದು ಪ್ಲಾಟಿನಂ, ಇನ್ನೊಂದು 18 ಕ್ಯಾರೆಟ್ ವೈಟ್ ಗೋಲ್ಡ್. ಅಂಗಡಿಯ ದೀಪದ ಕೆಳಗೆ ಹೊಸದಾಗಿ ಹೊಳೆಯುವಾಗ ಯಾವುದು ಯಾವುದೆಂದು ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ತಕ್ಕಡಿಗೆ ಇಟ್ಟರೆ ಮಾತ್ರ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ವೈಟ್ ಗೋಲ್ಡ್ ಉಂಗುರ ಆರು ಗ್ರಾಂ ತೂಗಿದರೆ ಪ್ಲಾಟಿನಂ ಉಂಗುರ ಎಂಟು ಗ್ರಾಂ ದಾಟುತ್ತದೆ. ಈ ಎರಡು ಲೋಹಗಳ ಬೆಲೆಯ ಬಗ್ಗೆ ಜನ ಮಾಡಿಕೊಳ್ಳುವ ಗೊಂದಲದ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ. ಬೋರ್ಡಿನ ಮೇಲೆ ಬರೆದಿರುವುದು ಗ್ರಾಂ ದರ, ನಾವು ಕೊಳ್ಳುವುದು ಇಡೀ ಉಂಗುರ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಮದುವೆಯ ಉಂಗುರ ಹಿಂದಿನಿಂದಲೂ ಇದೆ. ಉಳಿದವರಲ್ಲಿ ನಿಶ್ಚಿತಾರ್ಥದ ದಿನ ಉಂಗುರ ಬದಲಾಯಿಸಿಕೊಳ್ಳುವುದು ಈಗ ಸಾಮಾನ್ಯ. ಆ ಉಂಗುರ ಬಿಳಿಯದೇ ಇರಲಿ ಎನ್ನುವ ಜೋಡಿಗಳೂ ಹೆಚ್ಚಾಗುತ್ತಿದ್ದಾರೆ. ತಾಳಿ, ಬಳೆ, ಸರಗಳನ್ನು ಕೊಳ್ಳುವಾಗ ನಮ್ಮ ಮನೆಯ ಹಿರಿಯರಿಗೆ 22 ಕ್ಯಾರೆಟ್ಟಿನ ಲೆಕ್ಕ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬಿಳಿ ಲೋಹದ ಮುಂದೆ ಕೂತಾಗ ಮಾತ್ರ ಆ ಲೆಕ್ಕ ಕೈಕೊಡುತ್ತದೆ. ಹರಳಿಲ್ಲದ, ದಿನವೂ ಬೆರಳಲ್ಲಿ ಇರಬೇಕಾದ ಸಾದಾ ಉಂಗುರವನ್ನೇ ಮುಂದಿಟ್ಟುಕೊಂಡು ಆ ಲೆಕ್ಕವನ್ನು ಬಿಡಿಸಿ ನೋಡೋಣ.

ಮೊದಲು ಒಳಗೇನಿದೆ ಎಂಬುದು. ಪ್ರಕೃತಿಯಲ್ಲಿ ಬಿಳಿ ಚಿನ್ನ ಎಂಬುದಿಲ್ಲ. ಹಳದಿ ಚಿನ್ನಕ್ಕೆ ನಿಕ್ಕಲ್ ಅಥವಾ ಪಲ್ಲಾಡಿಯಂ ಸೇರಿಸಿ, ಜೊತೆಗೆ ಸ್ವಲ್ಪ ಬೆಳ್ಳಿ, ಸತು, ತಾಮ್ರ ಬೆರೆಸಿ ಅದರ ಹಳದಿಯನ್ನು ಕಳೆಯುತ್ತಾರೆ. 18 ಕ್ಯಾರೆಟ್ ಎಂದರೆ ಸಾವಿರ ಪಾಲಿನಲ್ಲಿ 750 ಪಾಲು ಚಿನ್ನ, ಉಳಿದ 250 ಪಾಲು ಈ ಬಿಳುಪು ತರುವ ಲೋಹಗಳು. 22 ಕ್ಯಾರೆಟ್ಟಿನಲ್ಲಿ ಬೇರೆ ಲೋಹಕ್ಕೆ ಇರುವ ಜಾಗ ನೂರಕ್ಕೆ ಎಂಟರಷ್ಟು ಮಾತ್ರ. ಅಷ್ಟರಲ್ಲಿ ಚಿನ್ನದ ಹಳದಿ ಹೋಗುವುದಿಲ್ಲ. ಹೀಗಾಗಿ ಯಾರಾದರೂ 22 ಕ್ಯಾರೆಟ್ಟಿನ ವೈಟ್ ಗೋಲ್ಡ್ ಎಂದು ತೋರಿಸಿದರೆ, ಅದು ಹಳದಿ ಚಿನ್ನದ ಮೇಲೆ ಬಿಳಿ ಲೇಪ ಕೊಟ್ಟ ಉಂಗುರ ಎಂದೇ ತಿಳಿಯಬೇಕು. ಲೇಪ ಹೋದ ದಿನ ಅಪ್ಪಟ ಹಳದಿ ಹೊರಬರುತ್ತದೆ.

ಪ್ಲಾಟಿನಂ ಉಂಗುರದಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ 950 ಪಾಲು ಪ್ಲಾಟಿನಂ ಇರುತ್ತದೆ. ಉಳಿದ 50 ಪಾಲು ರುಥೇನಿಯಂ, ಇರಿಡಿಯಂ, ಕೋಬಾಲ್ಟ್ ಮುಂತಾದ ಯಾವುದೋ ಒಂದು. ಅದರ ಬಿಳುಪು ಹುಟ್ಟುಬಣ್ಣ. ಸವೆದರೂ ಗೀರಿದರೂ ಕತ್ತರಿಸಿದರೂ ಒಳಗೆ ಕಾಣುವುದು ಅದೇ ಬಣ್ಣ. ವೈಟ್ ಗೋಲ್ಡ್ ಬಳಕೆಗೆ ಬಂದದ್ದೇ ಪ್ಲಾಟಿನಂಗೆ ಬದಲಿಯಾಗಿ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪ್ಲಾಟಿನಂ ದುಬಾರಿಯಾದಾಗ ಅದರ ನೋಟವನ್ನು ಕಡಿಮೆ ಬೆಲೆಗೆ ಕೊಡಲು ಈ ಮಿಶ್ರಣಗಳನ್ನು ರೂಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಪ್ಲಾಟಿನಂ ಅನ್ನು ಯುದ್ಧದ ಕೆಲಸಕ್ಕೆ ಮೀಸಲಿಟ್ಟದ್ದರಿಂದ ಅಲ್ಲಿನ ಮದುವೆಯ ಉಂಗುರಗಳು ವೈಟ್ ಗೋಲ್ಡಿಗೆ ಹೊರಳಿದವು.

ಈಗ ಬೆಲೆ. ಒಳಗಿನ ವ್ಯಾಸ ಸುಮಾರು 19 ಮಿಲಿಮೀಟರ್, ಅಗಲ 4, ದಪ್ಪ 1.8 ಮಿಲಿಮೀಟರ್ ಇರುವ ಗಂಡಸಿನ ಉಂಗುರವೊಂದನ್ನು ತೆಗೆದುಕೊಳ್ಳೋಣ. ಅಂಚುಗಳನ್ನು ಉರುಟು ಮಾಡಿದ ಮೇಲೆ ಅದರಲ್ಲಿ ಉಳಿಯುವ ಲೋಹ ಹೆಚ್ಚುಕಡಿಮೆ 0.4 ಘನ ಸೆಂಟಿಮೀಟರ್. ಪ್ಲಾಟಿನಂ 950 ಆದರೆ ಇಷ್ಟು ಜಾಗಕ್ಕೆ ಸುಮಾರು 8.2 ಗ್ರಾಂ ಬೇಕು, 18 ಕ್ಯಾರೆಟ್ ವೈಟ್ ಗೋಲ್ಡ್ ಆದರೆ 6 ಗ್ರಾಂ ಸಾಕು. ಇದರೊಳಗಿನ ಅಪ್ಪಟ ಲೋಹವನ್ನು ಮಾತ್ರ ಎಣಿಸಿದರೆ ಮೊದಲನೆಯದರಲ್ಲಿ 7.8 ಗ್ರಾಂ ಪ್ಲಾಟಿನಂ, ಎರಡನೆಯದರಲ್ಲಿ 4.5 ಗ್ರಾಂ ಚಿನ್ನ.

ಲೆಕ್ಕ ಸುಲಭವಾಗಲಿ ಎಂದು ಅಪರಂಜಿ ಚಿನ್ನ ಗ್ರಾಂಗೆ 10,000 ರೂಪಾಯಿ, ಪ್ಲಾಟಿನಂ 5,000 ರೂಪಾಯಿ ಎಂದಿಟ್ಟುಕೊಳ್ಳಿ. ದರ ನೋಡಿದರೆ ಪ್ಲಾಟಿನಂ ಅರ್ಧಕ್ಕರ್ಧ ಅಗ್ಗ. ಉಂಗುರಕ್ಕೆ ಬಂದರೆ ಪ್ಲಾಟಿನಂ 39,000, ಚಿನ್ನ 45,000. ಅರ್ಧದಷ್ಟಿದ್ದ ವ್ಯತ್ಯಾಸ ಆರು ಸಾವಿರಕ್ಕೆ ಇಳಿಯಿತು. 4.5ನ್ನು 7.8ರಿಂದ ಭಾಗಿಸಿದರೆ ಬರುವುದು 0.58. ಅಂದರೆ ಪ್ಲಾಟಿನಂ ದರ ಅಪರಂಜಿ ಚಿನ್ನದ ದರದ ನೂರಕ್ಕೆ 58ರ ಕೆಳಗಿರುವವರೆಗೆ ಮಾತ್ರ ಪ್ಲಾಟಿನಂ ಉಂಗುರದ ಲೋಹ ಅಗ್ಗ. ಅದರ ಮೇಲೆ ಹೋದರೆ, ಗ್ರಾಂ ದರ ಚಿನ್ನಕ್ಕಿಂತ ಕಡಿಮೆ ಇದ್ದರೂ ಉಂಗುರ ಚಿನ್ನದ್ದಕ್ಕಿಂತ ದುಬಾರಿ. ಈ ಒಂದು ಸಂಖ್ಯೆ ನೆನಪಿದ್ದರೆ ಯಾವ ದಿನದ ದರಕ್ಕೂ ಲೆಕ್ಕ ಹಾಕಬಹುದು. 14 ಕ್ಯಾರೆಟ್ ವೈಟ್ ಗೋಲ್ಡ್ ಆದರೆ ಅದೇ ಅಳತೆಯ ಉಂಗುರದಲ್ಲಿ ಚಿನ್ನ ಇರುವುದು ಮೂರು ಗ್ರಾಂ ಆಸುಪಾಸು, ಆಗ ಆ ಸಂಖ್ಯೆ 58ರ ಬದಲು 39.

ಪ್ಲಾಟಿನಂ ಎಂದರೆ ಚಿನ್ನಕ್ಕಿಂತ ಎಷ್ಟೋ ಪಟ್ಟು ದುಬಾರಿ ಎಂಬ ಮಾತು ಇನ್ನೂ ಜನರ ಬಾಯಲ್ಲಿದೆ. ಅದು ಹಳೆಯ ಸತ್ಯ. 2008ರ ಮಾರ್ಚ್‌ನಲ್ಲಿ ಪ್ಲಾಟಿನಂ ಬೆಲೆ ಚಿನ್ನದ ಎರಡು ಪಟ್ಟಿಗಿಂತ ಹೆಚ್ಚಿತ್ತು. ಮೇಲಿನ ಲೆಕ್ಕದಂತೆ ನೋಡಿದರೆ ಆಗ ಪ್ಲಾಟಿನಂ ಉಂಗುರದ ಲೋಹಕ್ಕೆ ವೈಟ್ ಗೋಲ್ಡಿನ ಮೂರೂವರೆ ಪಟ್ಟಿಗಿಂತ ಜಾಸ್ತಿ ಬೀಳುತ್ತಿತ್ತು. 2015ರ ಹೊತ್ತಿಗೆ ಚಿನ್ನ ಪ್ಲಾಟಿನಂ ಅನ್ನು ದಾಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯ ಮೋಸ ಹೊರಬಿದ್ದು ಡೀಸೆಲ್ ಕಾರುಗಳ ಮೇಲಿನ ನಂಬಿಕೆಯೇ ಕುಸಿಯಿತು. ಆ ಕಾರುಗಳ ಹೊಗೆ ಶುದ್ಧಿ ಮಾಡುವ ಭಾಗಕ್ಕೆ ಪ್ಲಾಟಿನಂ ಬೇಕು. ಹೀಗೆ ಮದುವೆಯ ಉಂಗುರದ ಬೆಲೆ ಕಾರಿನ ಕಾರ್ಖಾನೆಗೂ, ಪ್ಲಾಟಿನಂನ ಬಹುಪಾಲು ಸಿಗುವ ದಕ್ಷಿಣ ಆಫ್ರಿಕಾದ ಗಣಿಗಳಿಗೂ ಗಂಟು ಬಿದ್ದಿದೆ. ಮುಂದೆ ಮತ್ತೆ ತಿರುಗುಮುರುಗಾಗದು ಎಂದು ಯಾರೂ ಭರವಸೆ ಕೊಡಲಾರರು.

ಲೋಹದ ಬೆಲೆಯ ಮೇಲೆ ಮಜೂರಿ ಬರುತ್ತದೆ. ಇಲ್ಲಿ ಪ್ಲಾಟಿನಂ ಸಾಮಾನ್ಯವಾಗಿ ದುಬಾರಿಯೇ, ಅದಕ್ಕೆ ನ್ಯಾಯವಾದ ಕಾರಣವೂ ಇದೆ. ಶುದ್ಧ ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ಲಾಟಿನಂ 1768 ಡಿಗ್ರಿಯಲ್ಲಿ. ಬೆಂಗಳೂರಿನ ನಗರ್ತಪೇಟೆಯ ಓಣಿಗಳಲ್ಲಿ ಕೂತು ಕೆಲಸ ಮಾಡುವ ಅಕ್ಕಸಾಲಿಗರ ಸಾಮಾನ್ಯ ಕುಲುಮೆ, ಊದುಬೆಂಕಿಗಳು ಅಷ್ಟು ಶಾಖಕ್ಕೆ ಏರುವುದಿಲ್ಲ. ಮೂಸೆಯೂ ಬೇರೆ ಬೇಕು. ಕರಗುವಾಗ ಇಂಗಾಲ, ಸಿಲಿಕಾನ್ ಸೇರಿದರೆ ಪ್ಲಾಟಿನಂ ಪೆಡಸಾಗಿ ಬಿರುಕು ಬಿಡುತ್ತದೆ. ಅರ, ಪಾಲಿಶ್ ಚಕ್ರಗಳನ್ನು ಚಿನ್ನಕ್ಕೆ ಬಳಸದೆ ಪ್ರತ್ಯೇಕ ಇಡಬೇಕು. ಅದು ಅಂಟಂಟಾದ ಲೋಹ, ಅರ ಹಾಕಿದರೆ ಹಲ್ಲುಗಳ ನಡುವೆ ಕಚ್ಚಿಕೊಳ್ಳುತ್ತದೆ. ಪಾಲಿಶ್ ಮಾಡಲು ಚಿನ್ನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಂಗಡಿಯಲ್ಲಿ ಮಜೂರಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಒಟ್ಟು ಎಷ್ಟು ರೂಪಾಯಿ ಎಂದೇ ಕೇಳಿ. ಆರು ಸಾವಿರದ ಲೋಹದ ಉಳಿತಾಯ ಇಲ್ಲಿ ಕರಗಿ ಹೋಗುವುದು ಅಪರೂಪವಲ್ಲ.

ಬಾಳಿಕೆಯ ಮಾತಿಗೆ ಬಂದರೆ ಜಾಹೀರಾತುಗಳು ಒಂದು ಸಂಗತಿಯನ್ನು ಮುಚ್ಚಿಡುತ್ತವೆ. ಪ್ಲಾಟಿನಂ ಉಂಗುರಕ್ಕೆ ಗೀರು ಬೇಗ ಬೀಳುತ್ತದೆ. ಅದು ಭಾರದ ಲೋಹ, ಆದರೆ ಗಡಸು ಲೋಹವಲ್ಲ. ನಿಕ್ಕಲ್ ಬೆರೆಸಿದ ವೈಟ್ ಗೋಲ್ಡ್ ಅದಕ್ಕಿಂತ ಸ್ಪಷ್ಟವಾಗಿ ಗಡಸು. ಬಸ್ಸಿನ ಕಂಬಿ, ಬೈಕಿನ ಹ್ಯಾಂಡಲ್, ಪಾತ್ರೆಯ ಅಂಚು, ಜಿಮ್ಮಿನ ಕಬ್ಬಿಣ ಇವೆಲ್ಲ ಮೊದಲ ಕೆಲವೇ ತಿಂಗಳಲ್ಲಿ ಕನ್ನಡಿಯಂತಿದ್ದ ಪ್ಲಾಟಿನಂ ಮೈಯ ಮೇಲೆ ಸಣ್ಣ ಸಣ್ಣ ಗೆರೆ ಎಳೆದು ಅದನ್ನು ಮಂದ ಬೂದಿಬಿಳುಪಿಗೆ ತರುತ್ತವೆ. ದುಡ್ಡು ಕೊಟ್ಟು ತಂದ ಉಂಗುರ ಇಷ್ಟು ಬೇಗ ಹೀಗಾಯಿತಲ್ಲ ಎಂದು ಕಂಗಾಲಾಗುವವರಿದ್ದಾರೆ. ಅವರಿಗೆ ಕೊಳ್ಳುವ ಮೊದಲೇ ಇದನ್ನು ಹೇಳಬೇಕಿತ್ತು.

ಆದರೆ ಗೀರು ಬೀಳುವುದು ಬೇರೆ, ಸವೆಯುವುದು ಬೇರೆ. ಚಿನ್ನಕ್ಕೆ ಗೀರು ಬಿದ್ದಾಗ ಲೋಹದ ಕಣಗಳು ಕಿತ್ತು ಹೋಗುತ್ತವೆ. ಪ್ಲಾಟಿನಂಗೆ ಗೀರು ಬಿದ್ದಾಗ ಹೆಚ್ಚಿನ ಲೋಹ ಅಲ್ಲೇ ಪಕ್ಕಕ್ಕೆ ಸರಿದು ಕೂರುತ್ತದೆ, ಉತ್ತ ಹೊಲದಲ್ಲಿ ಸಾಲಿನ ಮಣ್ಣು ಬದಿಗೆ ಬಿದ್ದಂತೆ. ಹಾಗಾಗಿ ಮೈಮೇಲೆ ಗೀರು ತುಂಬಿದ್ದರೂ ಅದರ ತೂಕ ಬಹಳ ಇಳಿಯುವುದಿಲ್ಲ. ಬಲ್ಲ ಕೆಲಸಗಾರ ಗಟ್ಟಿ ಉಕ್ಕಿನ ನುಣುಪು ಉಪಕರಣದಿಂದ ಒತ್ತಿ ಉಜ್ಜಿ, ಆ ಸರಿದ ಲೋಹವನ್ನೇ ಮರಳಿ ಕೂರಿಸಿ ಹೊಳಪು ತರಬಲ್ಲ. ಸಾದಾ ಉಂಗುರವನ್ನು ದಶಕಗಟ್ಟಲೆ ಕಳಚದೆ ಹಾಕುವವರಿಗೆ ಇದು ದೊಡ್ಡ ಅನುಕೂಲ. ಗೀರಿನ ಚಿಂತೆ ಇರುವವರು ಮೊದಲೇ ಕನ್ನಡಿ ಹೊಳಪಿನ ಬದಲು ಮ್ಯಾಟ್ ಮೈ ಇರುವುದನ್ನು ಆರಿಸಿದರೆ ಹೊಸ ಗೀರುಗಳು ಎದ್ದು ಕಾಣುವುದಿಲ್ಲ. ತೆಳು ಮಾಡಿಸುವುದು ಮಾತ್ರ ಬೇಡ. ಬೆಲೆ ಇಳಿಸಲು ದಪ್ಪ ಕಡಿಮೆ ಮಾಡಿದ ಪ್ಲಾಟಿನಂ ಉಂಗುರ ಬಿಗಿಯಾಗಿ ಏನನ್ನಾದರೂ ಹಿಡಿದಾಗ ಬಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇನ್ನೊಂದು ಎಚ್ಚರ, ಪ್ಲಾಟಿನಂ ಉಂಗುರದ ಪಕ್ಕದಲ್ಲೇ ಅದೇ ಬೆರಳಿಗೆ 22 ಕ್ಯಾರೆಟ್ಟಿನ ಹಳದಿ ಉಂಗುರ ಹಾಕಬೇಡಿ. ಎರಡೂ ಉಜ್ಜಿಕೊಂಡಾಗ ಮೆತ್ತಗಿರುವ ಚಿನ್ನ ಸವೆಯುತ್ತದೆ.

ವೈಟ್ ಗೋಲ್ಡಿನ ಬಾಳಿಕೆಯ ಕತೆಯೆಲ್ಲ ಅದರ ಮೇಲಿನ ರೋಡಿಯಂ ಲೇಪದಲ್ಲಿದೆ. ಬೆರಸಿದ ಲೋಹಗಳು ಚಿನ್ನವನ್ನು ಪೂರ್ತಿ ಬಿಳುಪು ಮಾಡುವುದಿಲ್ಲ, ಒಂದಿಷ್ಟು ಕೆನೆಬಣ್ಣವೋ ಬೂದಿ ಛಾಯೆಯೋ ಉಳಿಯುತ್ತದೆ. ಅದನ್ನು ಮರೆಸಲು ಪ್ಲಾಟಿನಂ ಕುಲದ್ದೇ ಆದ ರೋಡಿಯಂ ಎಂಬ ಲೋಹವನ್ನು ವಿದ್ಯುತ್ತಿನ ನೆರವಿನಿಂದ ಮೇಲೆ ಹಚ್ಚುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ತಲೆಗೂದಲೊಂದರ ದಪ್ಪ ಎಪ್ಪತ್ತು ಮೈಕ್ರಾನ್ ಆಸುಪಾಸು. ರೋಡಿಯಂ ಬಹಳ ಗಡಸು, ಪ್ಲಾಟಿನಂಗಿಂತಲೂ ಪ್ರಖರವಾದ ಬಿಳುಪು ಅದರದ್ದು. ಆದರೆ ಇಷ್ಟು ತೆಳು ಪದರ ದಿನವೂ ಉಜ್ಜಿಸಿಕೊಂಡು ಎಷ್ಟು ಕಾಲ ನಿಂತೀತು? ಕಿವಿಯೋಲೆ, ಪದಕಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಉಂಗುರದಲ್ಲಿ ಆರು ತಿಂಗಳಿಂದ ಎರಡು ವರ್ಷ. ಪಾತ್ರೆ ಬಟ್ಟೆ ತೊಳೆಯುವವರು, ದಿನಕ್ಕೆ ಹತ್ತಾರು ಬಾರಿ ಕೈತೊಳೆಯುವ ನರ್ಸ್‌ಗಳು, ಗಾಡಿ ಓಡಿಸುವವರಿಗೆ ಅದರ ಕಡಿಮೆ ಕೊನೆಯೇ ಗತಿ.

ಲೇಪ ಹೋಗಿದೆಯೇ ಎಂದು ತಿಳಿಯಲು ಉಂಗುರ ತೆಗೆದು ಬಿಳಿ ಕಾಗದದ ಮೇಲಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಅಂಗೈ ಕಡೆಯ ಭಾಗ ಮತ್ತು ಅಂಚುಗಳು ಮೊದಲು ಸವೆಯುತ್ತವೆ. ಅಲ್ಲಿ ಸ್ವಲ್ಪ ಹಳದಿ ಮಿಶ್ರಿತ ಕೆನೆಬಣ್ಣ, ಉಳಿದೆಡೆ ನೀಲಿ ಛಾಯೆಯ ತಣ್ಣನೆ ಬಿಳುಪು ಕಂಡರೆ ಲೇಪ ಹರಿದಿದೆ ಎಂದರ್ಥ. ಇದು ನಕಲಿ ಚಿನ್ನದ ಗುರುತಲ್ಲ, ಗಾಬರಿ ಬೇಡ. ಮರುಲೇಪಕ್ಕೆ ಕೊಟ್ಟಾಗ ಮೊದಲು ಗೀರು ಹೋಗುವಂತೆ ಪಾಲಿಶ್ ಮಾಡುತ್ತಾರೆ, ಆಮೇಲೆ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಎಣ್ಣೆ ಜಿಡ್ಡು ಬಿಡಿಸಿ ತೊಳೆಯುತ್ತಾರೆ, ಕೊನೆಗೆ ರೋಡಿಯಂ ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ವಿದ್ಯುತ್ ಹರಿಸುತ್ತಾರೆ. ಜಿಡ್ಡು ಸರಿಯಾಗಿ ಬಿಡಿಸದಿದ್ದರೆ ಲೇಪ ಕೆಲವೇ ವಾರದಲ್ಲಿ ಚಕ್ಕೆಯೇಳುತ್ತದೆ. ಒಂದು ಸಲಕ್ಕೆ ತಗಲುವ ಖರ್ಚು ದೊಡ್ಡದಲ್ಲ. ಒಂದು ಸಾವಿರ ಎಂದಿಟ್ಟುಕೊಂಡು, ಒಂದೂವರೆ ವರ್ಷಕ್ಕೊಮ್ಮೆ ಮಾಡಿಸಿದರೆ ಇಪ್ಪತ್ತು ವರ್ಷಕ್ಕೆ ಹದಿಮೂರು ಸಾವಿರ. ನನ್ನ ಮಟ್ಟಿಗೆ ದುಡ್ಡಿಗಿಂತ ದೊಡ್ಡ ಸಂಗತಿ ಬೇರೆಯದು. ಪ್ರತಿ ಸಲದ ಪಾಲಿಶ್‌ನಲ್ಲೂ ಒಂದಿಷ್ಟು ಚಿನ್ನ ಚಕ್ರಕ್ಕೆ ಹೋಗುತ್ತದೆ, ಒಳಗೆ ಕೆತ್ತಿಸಿದ ಹೆಸರಿನ ಅಂಚು, ಹೊರಗಿನ ವಿನ್ಯಾಸದ ಚೂಪು ಮೊಂಡಾಗುತ್ತವೆ. ಉಂಗುರದ ಮೇಲೆ ನಕಾಶೆ ಬೇಕೆನ್ನುವವರು ಇದನ್ನು ಯೋಚಿಸಲೇಬೇಕು.

ಲೇಪ ಹೋದಾಗ ಚರ್ಮಕ್ಕೆ ತಾಗುವುದು ಕೆಳಗಿನ ಮಿಶ್ರಣ. ಅದರಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ಉಂಗುರದ ಕೆಳಗೆ ತುರಿಕೆ, ಕೆಂಪು ಗುಳ್ಳೆ ಏಳುತ್ತವೆ. ಹೊಸ ಉಂಗುರ ಒಂದು ವರ್ಷ ಸುಮ್ಮನಿದ್ದು ಆಮೇಲೆ ಕಾಟ ಕೊಡಲು ಶುರುಮಾಡಿದರೆ ಕಾರಣ ಬಹುಪಾಲು ಇದೇ. ಯುರೋಪಿಯನ್ ಒಕ್ಕೂಟ 1994ರಲ್ಲೇ ಮೈಗೆ ತಾಗುವ ಆಭರಣಗಳಿಂದ ಹೊರಬೀಳುವ ನಿಕ್ಕಲ್‌ಗೆ ಕಾನೂನಿನ ಮಿತಿ ಹಾಕಿತು. ಜೀನ್ಸ್ ಗುಂಡಿ, ವಾಚಿನ ಬಕಲ್, ಅಗ್ಗದ ಓಲೆ ತಾಗಿದರೆ ತುರಿಸುವ ಮೈಯವರು ಪಲ್ಲಾಡಿಯಂ ಬೆರೆಸಿದ ವೈಟ್ ಗೋಲ್ಡನ್ನೇ ಕೇಳಬೇಕು, ಅದಕ್ಕೆ ಬೆಲೆ ಸ್ವಲ್ಪ ಹೆಚ್ಚು. ಇಲ್ಲವೇ ಪ್ಲಾಟಿನಂಗೆ ಹೋಗಬೇಕು. ನಿಕ್ಕಲ್ ಮಿಶ್ರಣಕ್ಕೆ ಇನ್ನೊಂದು ಶತ್ರು ಕ್ಲೋರಿನ್. ಈಜುಕೊಳದ ನೀರು, ಬಚ್ಚಲು ತೊಳೆಯುವ ಬ್ಲೀಚ್ ಪದೇ ಪದೇ ತಾಗಿದರೆ ಒತ್ತಡವಿರುವ ಜಾಗಗಳಲ್ಲಿ, ಅದರಲ್ಲೂ ಹರಳು ಹಿಡಿದ ಸಣ್ಣ ಕಚ್ಚುಗಳಲ್ಲಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು ಒಂದು ದಿನ ಕಚ್ಚು ಮುರಿಯುತ್ತದೆ. ಪ್ಲಾಟಿನಂಗೆ ಈ ಭಯವಿಲ್ಲ. ಅದರ ಕಚ್ಚು ಮುರಿಯುವ ಬದಲು ಬಾಗುತ್ತದೆ, ಬಾಗಿದ್ದನ್ನು ಮತ್ತೆ ಒತ್ತಿ ಕೂರಿಸಬಹುದು.

ರಿಪೇರಿಯ ವಿಷಯದಲ್ಲಿ ಅನುಕೂಲ ವೈಟ್ ಗೋಲ್ಡಿನ ಕಡೆಗೇ. ಮದುವೆಯಾದ ಕೆಲ ವರ್ಷಕ್ಕೆ ಬೆರಳಿನ ಅಳತೆ ಬದಲಾಗುವುದು, ಹೆರಿಗೆಯ ನಂತರ ಉಂಗುರ ಬಿಗಿಯಾಗುವುದು ಎಲ್ಲರ ಮನೆಯ ಮಾತು. ವೈಟ್ ಗೋಲ್ಡನ್ನು ಕತ್ತರಿಸಿ, ತುಂಡು ಸೇರಿಸಿ, ಬೆಸುಗೆ ಹಾಕಿ, ರೋಡಿಯಂ ಕೊಡಿಸುವ ಕೆಲಸ ಹೆಚ್ಚಿನ ಊರುಗಳಲ್ಲಿ ಆಗುತ್ತದೆ. ಪ್ಲಾಟಿನಂಗೆ ಲೇಸರ್ ವೆಲ್ಡಿಂಗ್ ಅಥವಾ ಹೆಚ್ಚು ಶಾಖದ ಪ್ಲಾಟಿನಂ ಬೆಸುಗೆ ಬೇಕು. ಆ ಸೌಕರ್ಯವಿಲ್ಲದ ಕಡೆ ಕೊಟ್ಟರೆ ಚಿನ್ನದ ಬೆಸುಗೆಯಲ್ಲೇ ಸೇರಿಸಿ ಮೇಲೆ ರೋಡಿಯಂ ಬಳಿದು ಕೊಡುವುದುಂಟು. ಹೊರಗೆ ಏನೂ ಗೊತ್ತಾಗುವುದಿಲ್ಲ. ಕೆಲವು ತಿಂಗಳ ನಂತರ ಲೇಪ ಸವೆದಾಗ ಉಂಗುರಕ್ಕೆ ಅಡ್ಡಲಾಗಿ ಕೂದಲೆಳೆಯಂಥ ಬಣ್ಣದ ಗೆರೆ ಕಾಣುತ್ತದೆ, ಆ ಜಾಗ ದುರ್ಬಲವೂ ಆಗಿರುತ್ತದೆ. ಅಳತೆ ಬದಲಿಸುವ ಕೆಲಸವನ್ನು ಕೊಟ್ಟ ಅಂಗಡಿಗೇ ಒಪ್ಪಿಸುವುದು ಕ್ಷೇಮ. ಆದ್ದರಿಂದ ಸಣ್ಣ ಊರಿನಲ್ಲಿರುವವರು ಪ್ಲಾಟಿನಂ ಕೊಳ್ಳುವಾಗ ಬೆರಳಿನ ಅಳತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಕೈ ಸ್ವಲ್ಪ ಊದಿಕೊಂಡಿರುವಾಗ ಒಮ್ಮೆ ಕೊಟ್ಟು ಸರಿಯಾಗಿ ಗೊತ್ತುಮಾಡಿಕೊಳ್ಳಬೇಕು.

ನಮ್ಮಲ್ಲಿ ಆಭರಣ ಎಂದರೆ ಕಷ್ಟಕಾಲದ ಆಸರೆಯೂ ಹೌದು. ಆ ಕಣ್ಣಿನಿಂದ ನೋಡಿದರೆ ಚಿನ್ನ ಚಿನ್ನವೇ. 18 ಕ್ಯಾರೆಟ್ ವೈಟ್ ಗೋಲ್ಡನ್ನು ಯಾವ ಅಂಗಡಿಗೆ ಒಯ್ದರೂ ಅದರೊಳಗಿನ ಚಿನ್ನಕ್ಕೆ ಬೆಲೆ ಕಟ್ಟುತ್ತಾರೆ. ಪ್ಲಾಟಿನಂ ಅನ್ನು ಮಾರಿದ ಅಂಗಡಿ ಬಿಟ್ಟು ಬೇರೆಡೆ ಒಯ್ದರೆ ಬಹಳಷ್ಟು ಜನ ಕೊಳ್ಳಲು ಹಿಂಜರಿಯುತ್ತಾರೆ, ಕೊಂಡರೂ ದೊಡ್ಡ ಕಡಿತ ಹಾಕುತ್ತಾರೆ. ಚಿನ್ನದ ಮೇಲೆ ಸಾಲ ಕೊಡುವವರು ಅದನ್ನು ಸಾಮಾನ್ಯವಾಗಿ ಅಡವಿಟ್ಟುಕೊಳ್ಳುವುದಿಲ್ಲ. ಪ್ಲಾಟಿನಂ ಉಂಗುರವನ್ನು ಉಳಿತಾಯವೆಂದು ಎಣಿಸುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು ಹಾಕಿಕೊಳ್ಳಲೆಂದೇ ಕೊಳ್ಳಬೇಕು.

ಗುರುತುಗಳು ಉಂಗುರದ ಒಳಮೈಯಲ್ಲಿರುತ್ತವೆ. ಎರಡು ಗ್ರಾಂ ಮೀರಿದ ವೈಟ್ ಗೋಲ್ಡಿಗೆ ಬಿಐಎಸ್ ಚಿಹ್ನೆ, 18 ಕ್ಯಾರೆಟ್ ಆದರೆ 750 ಎಂಬ ಅಂಕಿ, ಜೊತೆಗೆ ಅಕ್ಷರ ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಆಭರಣ, ಎಷ್ಟು ಶುದ್ಧತೆ ಎಂಬುದು ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಪ್ಲಾಟಿನಂ ಮೇಲೆ Pt950 ಎಂಬ ಮುದ್ರೆ ಇರುತ್ತದೆ, ಶುದ್ಧತೆಯ ಕಾರ್ಡನ್ನೂ ಕೇಳಿ ಪಡೆಯಿರಿ. ಕೋಬಾಲ್ಟ್ ಬೆರೆಸಿದ ಪ್ಲಾಟಿನಂ ಆಯಸ್ಕಾಂತಕ್ಕೆ ತುಸು ಸೆಳೆಯುತ್ತದೆ, ಅಷ್ಟಕ್ಕೇ ಅದು ಖೋಟಾ ಎಂದು ತೀರ್ಮಾನಿಸಬೇಕಾಗಿಲ್ಲ.

ನನ್ನನ್ನು ಕೇಳಿದರೆ, ಹಾಕಿದ ಉಂಗುರ ಕಳಚುವುದೇ ಇಲ್ಲ, ಅಂಗಡಿಗೆ ಅಲೆಯುವುದೂ ಆಗದು, ಮಂದ ಬಿಳುಪು ಬಂದರೂ ಪರವಾಗಿಲ್ಲ ಎನ್ನುವವರಿಗೆ ಪ್ಲಾಟಿನಂ. ಯಾವಾಗಲೂ ಹೊಸದರಂತೆ ಹೊಳೆಯಬೇಕು, ಹಗುರ ಇರಬೇಕು, ನಾಳೆ ಬದಲಾಯಿಸಿಕೊಳ್ಳುವ ಬಾಗಿಲೂ ತೆರೆದಿರಬೇಕು ಎನ್ನುವವರಿಗೆ ಪಲ್ಲಾಡಿಯಂ ಬೆರೆತ 18 ಕ್ಯಾರೆಟ್ ವೈಟ್ ಗೋಲ್ಡ್. ಗಂಡ ಹೆಂಡಿರ ಉಂಗುರ ಒಂದೇ ಲೋಹದ್ದಾಗಿರಬೇಕೆಂಬ ನಿಯಮವೂ ಇಲ್ಲ. ಯಾವುದನ್ನೇ ಕೊಂಡರೂ ಬಿಲ್ಲಿನಲ್ಲಿ ತೂಕ, ಶುದ್ಧತೆ, ಮಜೂರಿ ಬೇರೆ ಬೇರೆಯಾಗಿ ಬರೆಸಿ. ವೈಟ್ ಗೋಲ್ಡ್ ಆದರೆ ನಿಕ್ಕಲ್ ಇದೆಯೋ ಪಲ್ಲಾಡಿಯಂ ಇದೆಯೋ, ಮರುಲೇಪ ಎಷ್ಟು ಸಲ ಉಚಿತ ಎಂಬುದನ್ನೂ, ಪ್ಲಾಟಿನಂ ಆದರೆ ಅಳತೆ ಬದಲಿಸಿಕೊಡುವ ಹಾಗೂ ಮರಳಿ ಕೊಳ್ಳುವ ಷರತ್ತನ್ನೂ ಅದೇ ಬಿಲ್ಲಿನ ಮೇಲೆ ಬರೆಸಿ, ಅಂಗಡಿಯ ಮೊಹರು ಹಾಕಿಸಿಕೊಳ್ಳಿ.